ಹೊಸ ಇಆರ್‌ಪಿಯಲ್ಲಿ ಒಬ್ಬನೇ ಗ್ರಾಹಕ ಎರಡು ಬಾರಿ: ನಕಲು ಎಲ್ಲಿ ಹುಟ್ಟಿತು ಎಂದು ಪತ್ತೆ ಹಚ್ಚುವ ಬಗೆ

ಹಳೆಯ ವ್ಯವಸ್ಥೆಯ ದತ್ತಾಂಶವನ್ನು ಹೊಸ ಇಆರ್‌ಪಿಗೆ, ಅಂದರೆ ಕಂಪನಿಯ ಮಾರಾಟ, ಲೆಕ್ಕಪತ್ರ, ದಾಸ್ತಾನುಗಳನ್ನೆಲ್ಲ ನಡೆಸುವ ತಂತ್ರಾಂಶಕ್ಕೆ, ತುಂಬುವ ಪ್ರಾಯೋಗಿಕ ಲೋಡ್ ಮುಗಿದಿದೆ. ಗ್ರಾಹಕರಿಂದ ಬರಬೇಕಾದ ಒಟ್ಟು ಬಾಕಿ ಹಳೆಯ ವ್ಯವಸ್ಥೆಯ ಮೊತ್ತಕ್ಕೆ ಕೊನೆಯ ಅಂಕಿಯವರೆಗೂ ತಾಳೆಯಾಗಿದೆ. ಲೆಕ್ಕಪತ್ರ ವಿಭಾಗ ಸಹಿ ಹಾಕಲು ಸಿದ್ಧವಾಗಿದೆ. ಅಷ್ಟರಲ್ಲಿ ಮಾರಾಟ ವಿಭಾಗದವರೊಬ್ಬರು ಆರ್ಡರ್ ನಮೂದಿಸಲು ಗ್ರಾಹಕನ ಹೆಸರನ್ನು ಹುಡುಕುತ್ತಾರೆ. ಪಟ್ಟಿಯಲ್ಲಿ ಅದೇ ಹೆಸರು ಎರಡು ಸಾಲುಗಳಲ್ಲಿ ಕಾಣುತ್ತದೆ. ಒಂದು ಖಾತೆಯಲ್ಲಿ ಬಾಕಿ ಇದೆ, ಇನ್ನೊಂದು ಖಾಲಿ. ಖಾಲಿ ಖಾತೆಯ ಮೇಲೆ ಆರ್ಡರ್ ಹಾಕಿದರೆ ಸಾಲದ ಮಿತಿಯ ತಪಾಸಣೆ ಅದನ್ನು ತಡೆಯುವುದೇ ಇಲ್ಲ, ಏಕೆಂದರೆ ಆ ಖಾತೆಯ ಮಟ್ಟಿಗೆ ಗ್ರಾಹಕ ಯಾರಿಗೂ ಏನೂ ಕೊಡಬೇಕಿಲ್ಲ.

ಒಟ್ಟು ಮೊತ್ತ ತಾಳೆಯಾಗಿದ್ದು ಇಲ್ಲಿ ಸಮಾಧಾನಪಡುವ ಸಂಗತಿಯಲ್ಲ. ಬಾಕಿ ಬಿಲ್ಲುಗಳು ಎರಡು ಖಾತೆಗಳಲ್ಲಿ ಯಾವುದಕ್ಕೆ ಸೇರಿದರೂ ಒಟ್ಟು ಬದಲಾಗುವುದಿಲ್ಲ. ನಕಲುಗಳ ವಿಷಯದಲ್ಲಿ ಆ ಮೊತ್ತ ಯಾವ ಸಾಕ್ಷ್ಯವನ್ನೂ ಕೊಡುವುದಿಲ್ಲ.

ಈ ದೂರು ಬಂದಾಗ ತಂಡಗಳು ಸಾಮಾನ್ಯವಾಗಿ ಮಾಡುವ ಕೆಲಸ, ನಕಲು ಪತ್ತೆ ಮಾಡುವ ಸಾಧನದ ಹೋಲಿಕೆಯ ಅಂಕದ ಮಿತಿಯನ್ನು ನೂರಕ್ಕೆ 90ರಿಂದ 85ಕ್ಕೆ ಇಳಿಸುವುದು. ಅದರಿಂದ ಕೆಲವು ನಕಲುಗಳು ಸಿಗುತ್ತವೆ, ಜೊತೆಗೆ ಸಂಬಂಧವೇ ಇಲ್ಲದ ನೂರಾರು ಜೋಡಿಗಳು ಪರಿಶೀಲನೆಯ ಪಟ್ಟಿಗೆ ಬಂದು ಬೀಳುತ್ತವೆ. ಮಿತಿಗೆ ಕೈಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ನಕಲು ಹುಟ್ಟಿದ್ದು ಎಲ್ಲಿ? ಹಳೆಯ ವ್ಯವಸ್ಥೆಯಲ್ಲೇ ಇತ್ತೇ, ದತ್ತಾಂಶ ತೆಗೆದು ಸಾಗಿಸುವ ದಾರಿಯಲ್ಲಿ ಹುಟ್ಟಿತೇ, ಅಥವಾ ಹೊಸ ವ್ಯವಸ್ಥೆಗೆ ತುಂಬುವಾಗ ಹುಟ್ಟಿತೇ? ಮೂರಕ್ಕೂ ಗುರುತುಗಳು ಬೇರೆ, ಮದ್ದೂ ಬೇರೆ. ಹೆಸರುಗಳ ಹೋಲಿಕೆ ಬೇಕಾಗುವುದು ಮೊದಲನೆಯದಕ್ಕೆ ಮಾತ್ರ.

## ಎಣಿಕೆಯಿಂದ ಶುರು

ಮೂರು ಕಡೆ ಎಣಿಸಿ: ಹಳೆಯ ವ್ಯವಸ್ಥೆಯಲ್ಲಿ ಎಷ್ಟು ಗ್ರಾಹಕ ದಾಖಲೆಗಳಿವೆ, ಲೋಡ್ ಮಾಡಲು ಸಿದ್ಧಪಡಿಸಿದ ಕಡತದಲ್ಲಿ ಎಷ್ಟು ಸಾಲುಗಳಿವೆ, ಹೊಸ ಇಆರ್‌ಪಿಯಲ್ಲಿ ಎಷ್ಟು ದಾಖಲೆಗಳು ಸೃಷ್ಟಿಯಾಗಿವೆ. ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. ಹಳೆಯದರಲ್ಲಿ 6,240, ಕಡತದಲ್ಲಿ 6,321, ಹೊಸದರಲ್ಲಿ 6,721.

ಈ ಮೂರು ಸಂಖ್ಯೆಗಳೇ ಅರ್ಧ ಕಥೆ ಹೇಳುತ್ತವೆ. ದಾರಿಯಲ್ಲಿ 81 ಸಾಲುಗಳು ಹೆಚ್ಚಾಗಿವೆ, ತುಂಬುವಾಗ 400 ಹೆಚ್ಚಾಗಿವೆ. ಹೆಸರಿನ ಹೋಲಿಕೆಯ ಸಾಧನ ಎಷ್ಟೇ ಚುರುಕಾಗಿದ್ದರೂ ಈ 481ರ ಕಾರಣವನ್ನು ಅದು ಹೇಳಲಾರದು. ಅದು ಕೆಲಸ ಮಾಡಿದ್ದು ಹಳೆಯ ವ್ಯವಸ್ಥೆಯ 6,240ರ ಮೇಲೆ. ಉಳಿದವು ಆಮೇಲೆ ಹುಟ್ಟಿದವು.

ಮೂರು ಎಣಿಕೆಗಳು ಸಮವಾಗಿ ಬಂದರೂ ನಿಶ್ಚಿಂತರಾಗಬೇಡಿ. ಹತ್ತು ಸಾಲು ಬಿಟ್ಟುಹೋಗಿ ಹತ್ತು ಸಾಲು ಎರಡಾಗಿದ್ದರೆ ಎಣಿಕೆ ಸಮವಾಗಿಯೇ ಇರುತ್ತದೆ. ಆದ್ದರಿಂದ ಎಣಿಕೆಯ ಜೊತೆಗೆ ಕೋಡುಗಳನ್ನೂ ಎರಡೂ ದಿಕ್ಕಿನಲ್ಲಿ ಹೋಲಿಸಬೇಕು: ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದವು ಯಾವುವು, ಹೊಸದರಲ್ಲಿದ್ದು ಹಳೆಯದರಲ್ಲಿ ಇಲ್ಲದವು ಯಾವುವು.

```sql
SELECT s.code
FROM source_customer s
LEFT JOIN customer g ON g.legacy_code = s.code
WHERE g.legacy_code IS NULL;
```

ಎರಡು ಕೋಷ್ಟಕಗಳ ಸ್ಥಾನ ಅದಲುಬದಲು ಮಾಡಿ ಇದನ್ನೇ ಮತ್ತೊಮ್ಮೆ ಓಡಿಸಿ. ಎರಡೂ ಉತ್ತರಗಳು ಖಾಲಿ ಬರಬೇಕು. ಈ ಕೆಲಸ ಸಾಧ್ಯವಾಗಬೇಕಾದರೆ ಹೊಸ ಇಆರ್‌ಪಿಯ ಪ್ರತಿಯೊಂದು ದಾಖಲೆಯಲ್ಲೂ ಹಳೆಯ ಕೋಡನ್ನು ಒಂದು ಪ್ರತ್ಯೇಕ ಕಾಲಂನಲ್ಲಿ ಇಟ್ಟಿರಬೇಕು. ಹೊಸ ಸಂಖ್ಯಾ ಸರಣಿ ಬಂತಲ್ಲ, ಹಳೆಯದು ಯಾಕೆ ಎಂದು ಅದನ್ನು ಬಿಟ್ಟುಬಿಟ್ಟ ಯೋಜನೆಗಳಲ್ಲಿ ಮುಂದಿನ ಯಾವ ತನಿಖೆಯೂ ನಡೆಯುವುದಿಲ್ಲ.

## ಲೋಡ್ ಮಾಡುವಾಗ ಹುಟ್ಟಿದ 400

ಇದರ ಗುರುತು ಬಹಳ ಸ್ಪಷ್ಟ: ಎರಡೂ ಪ್ರತಿಗಳಲ್ಲಿ ಹಳೆಯ ಕೋಡ್ ಒಂದೇ, ಎಲ್ಲ ಕಾಲಂಗಳೂ ಒಂದೇ, ಸೃಷ್ಟಿಯಾದ ಸಮಯ ಮಾತ್ರ ಬೇರೆ.

```sql
SELECT legacy_code, COUNT(*), MIN(created_at), MAX(created_at)
FROM customer
GROUP BY legacy_code
HAVING COUNT(*) > 1;
```

ನಮ್ಮ ಉದಾಹರಣೆಯಲ್ಲಿ ಇಂಥ 400 ಕೋಡುಗಳಿಗೆ ಎರಡು ಸಮಯಗಳ ನಡುವೆ ಸುಮಾರು ಒಂದು ಗಂಟೆಯ ಅಂತರವಿದೆ, ಮತ್ತು ಅವು ಕಡತದ ಮೊದಲ 400 ಸಾಲುಗಳೇ. ಇಷ್ಟು ಗೊತ್ತಾದರೆ ನಡೆದದ್ದೇನು ಎಂದು ಊಹಿಸುವುದು ಕಷ್ಟವಲ್ಲ. ಲೋಡ್ ಮಾಡುವ ಸಾಧನ ನೂರು ನೂರು ಸಾಲುಗಳನ್ನು ಒಂದು ಗುಂಪಾಗಿ ಉಳಿಸುತ್ತಿತ್ತು. ಐದನೆಯ ಗುಂಪಿನಲ್ಲಿ ಯಾವುದೋ ತಪ್ಪು ಸಾಲು ಬಂದು ಅದು ನಿಂತಿತು. ಪರದೆಯ ಮೇಲೆ ದೋಷದ ಸಂದೇಶ ನೋಡಿದವರು ಏನೂ ಲೋಡ್ ಆಗಿಲ್ಲ ಎಂದುಕೊಂಡು, ಆ ಸಾಲನ್ನು ಸರಿಪಡಿಸಿ, ಇಡೀ ಕಡತವನ್ನು ಮತ್ತೆ ಓಡಿಸಿದರು. ಮೊದಲ ನಾಲ್ಕು ಗುಂಪುಗಳು ಆಗಲೇ ಉಳಿದಿದ್ದವು.

ಪರಿಹಾರ ಎರಡು ಭಾಗದ್ದು. ಹಳೆಯ ಕೋಡಿನ ಕಾಲಂ ಮೇಲೆ ಒಂದೇ ಮೌಲ್ಯ ಎರಡು ಬಾರಿ ಬರದಂತೆ ನಿರ್ಬಂಧ ಹಾಕಬೇಕು. ಲೋಡ್ ಮಾಡುವ ಸಾಧನದಲ್ಲಿ ‘ಹೊಸದಾಗಿ ಸೇರಿಸು’ ಎಂಬುದರ ಬದಲು ‘ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು’ ಎಂಬ ವಿಧಾನವನ್ನು ಆರಿಸಿ, ಹಳೆಯ ಕೋಡನ್ನೇ ಗುರುತಿನ ಕಾಲಂ ಆಗಿ ಕೊಡಬೇಕು. ಆಗ ಅದೇ ಕಡತವನ್ನು ಎಷ್ಟು ಬಾರಿ ಓಡಿಸಿದರೂ ಫಲಿತಾಂಶ ಒಂದೇ.

ಇಲ್ಲಿ ಒಂದು ಬಲೆ ಇದೆ. ಮೊದಲ ಬಾರಿಯ ಕಡತದಲ್ಲಿ ಕೋಡ್ 00417 ಎಂದಿದ್ದು, ಎರಡನೆಯ ಬಾರಿ ಯಾರೋ ಎಕ್ಸೆಲ್‌ನಲ್ಲಿ ತೆರೆದು ತಿದ್ದಿ ಉಳಿಸಿದ ಕಡತದಲ್ಲಿ 417 ಆಗಿದ್ದರೆ, ನಿರ್ಬಂಧಕ್ಕೆ ಅವು ಎರಡು ಬೇರೆ ಕೋಡುಗಳು. ಮೇಲಿನ ಎಸ್‌ಕ್ಯೂಎಲ್ ಪ್ರಶ್ನೆಯೂ ಅವನ್ನು ಹಿಡಿಯುವುದಿಲ್ಲ. ಆದ್ದರಿಂದ ಸಂಖ್ಯಾ ಕೋಡುಗಳ ಮುಂದಿನ ಸೊನ್ನೆಗಳನ್ನು ತೆಗೆದು ಇನ್ನೊಮ್ಮೆ ಗುಂಪು ಮಾಡಿ ನೋಡಿ. ಹೊಸ ಜೋಡಿಗಳು ಸಿಕ್ಕರೆ ದೋಷ ಲೋಡ್ ಹಂತದ್ದಲ್ಲ, ಅದಕ್ಕಿಂತ ಹಿಂದಿನದು.

## ದಾರಿಯಲ್ಲಿ ಹುಟ್ಟಿದ 81

ಕಡತದಲ್ಲಿ ಹೆಚ್ಚಾದ 81 ಸಾಲುಗಳಲ್ಲಿ 78ರ ಗುರುತು ಹೀಗಿದೆ: ಕೋಡ್ ಒಂದೇ, ಹೆಸರು ಒಂದೇ, ಲೋಡ್ ಆದ ಗುಂಪೂ ಒಂದೇ, ಆದರೆ ಫೋನ್ ಅಥವಾ ಸಂಪರ್ಕ ವ್ಯಕ್ತಿಯ ಹೆಸರು ಬೇರೆ. ಗ್ರಾಹಕ ಕೋಷ್ಟಕವನ್ನು ಸಂಪರ್ಕ ಕೋಷ್ಟಕದೊಂದಿಗೆ ಜೋಡಿಸಿ ದತ್ತಾಂಶ ತೆಗೆದಾಗ, ಇಬ್ಬರು ಸಂಪರ್ಕ ವ್ಯಕ್ತಿಗಳಿರುವ ಗ್ರಾಹಕ ಎರಡು ಸಾಲಾಗಿ ಹೊರಬರುತ್ತಾನೆ. ಇದು ನಕಲು ಗ್ರಾಹಕನಲ್ಲ, ಪ್ರಶ್ನೆ ಬರೆದ ಬಗೆಯ ದೋಷ. ಇಲ್ಲಿ ಒಂದು ಸಾಲನ್ನು ಉಳಿಸಿ ಇನ್ನೊಂದನ್ನು ಅಳಿಸಿದರೆ ಒಬ್ಬ ಸಂಪರ್ಕ ವ್ಯಕ್ತಿಯ ಮಾಹಿತಿ ಕಳೆದುಹೋಗುತ್ತದೆ. ಗ್ರಾಹಕರನ್ನು ಒಂದು ಕಡತದಲ್ಲಿ, ಸಂಪರ್ಕಗಳನ್ನು ಮತ್ತೊಂದರಲ್ಲಿ, ವಿಳಾಸಗಳನ್ನು ಮೂರನೆಯದರಲ್ಲಿ ತೆಗೆದು, ಹಳೆಯ ಕೋಡಿನ ಮೂಲಕ ಹೊಸ ವ್ಯವಸ್ಥೆಯೊಳಗೇ ಜೋಡಿಸುವುದು ಸರಿಯಾದ ದಾರಿ.

ಇದೇ ದೋಷ ಬಾಕಿ ಬಿಲ್ಲುಗಳ ಕಡತದಲ್ಲಿ ನುಸುಳಿದರೆ ಮಾತ್ರ ಒಟ್ಟು ಮೊತ್ತ ಏರುಪೇರಾಗುತ್ತದೆ. ಆಗ ಹೆಚ್ಚುವರಿ ಮೊತ್ತ, ಎರಡಾದ ಗ್ರಾಹಕರ ಬಾಕಿಗೆ ಸರಿಯಾಗಿ ಸಮವಾಗಿರುತ್ತದೆಯೇ ನೋಡಿ. ಸಮವಾಗಿದ್ದರೆ ಬೇರೆಲ್ಲೂ ಹುಡುಕಬೇಕಿಲ್ಲ.

ಉಳಿದ ಮೂರು ಸಾಲುಗಳು ಸ್ವಲ್ಪ ತಮಾಷೆಯವು. ಗ್ರಾಹಕ ಕೋಡಿನ ಜಾಗದಲ್ಲಿ ‘ಎರಡನೇ ಮಹಡಿ’ ಎಂದಿದೆ. ಹಳೆಯ ವ್ಯವಸ್ಥೆಯಲ್ಲಿ ವಿಳಾಸ ಬರೆಯುವಾಗ ಯಾರೋ ಎಂಟರ್ ಕೀಲಿ ಒತ್ತಿದ್ದಾರೆ. ಸಿಎಸ್‌ವಿ ಕಡತ ಬರೆದ ಪ್ರೋಗ್ರಾಂ ಆ ವಿಳಾಸವನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟಿಲ್ಲ. ಹಾಗಾಗಿ ಒಂದು ದಾಖಲೆ ಎರಡು ಸಾಲಾಗಿ ಮುರಿದಿದೆ. ಮಹಡಿಯೊಂದು ಗ್ರಾಹಕನಾಗಿ ದಾಖಲಾದದ್ದು ನಗು ತರಿಸುತ್ತದೆ, ಆದರೆ ಆ ವಿಳಾಸದ ನಂತರದ ಎಲ್ಲ ಕಾಲಂಗಳನ್ನೂ ಮೂಲ ಗ್ರಾಹಕ ಕಳೆದುಕೊಂಡಿದ್ದಾನೆ, ಸಾಲದ ಮಿತಿ ಸೇರಿದಂತೆ. ದತ್ತಾಂಶ ತೆಗೆಯುವಾಗಲೇ ಪಠ್ಯ ಕಾಲಂಗಳಲ್ಲಿನ ಸಾಲು ಮುರಿಯುವ ಅಕ್ಷರಗಳನ್ನು ಖಾಲಿ ಜಾಗಕ್ಕೆ ಬದಲಿಸಿದರೆ ಈ ತೊಂದರೆ ತಪ್ಪುತ್ತದೆ.

ಈಗ ಲೆಕ್ಕ ಕೂಡಿ ಬಂತು. 6,721ರಲ್ಲಿ 400, 78, 3 ಕಳೆದರೆ 6,240.

ಎಕ್ಸೆಲ್‌ನ ವಿಷಯಕ್ಕೆ ಬರುವುದಾದರೆ, ಅದರ ಅಪಾಯ ನಕಲು ಹುಟ್ಟಿಸುವುದಕ್ಕಿಂತ ಸುಳ್ಳು ನಕಲು ಹುಟ್ಟಿಸುವುದರಲ್ಲಿದೆ. ಸಿಎಸ್‌ವಿ ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆದರೆ ಅದು ಪ್ರತಿಯೊಂದು ಕಾಲಂನ ಬಗೆಯನ್ನು ತಾನೇ ಊಹಿಸುತ್ತದೆ. ಸಂಖ್ಯೆಗಳಲ್ಲಿ ಮೊದಲ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಂಡು ಮಿಕ್ಕವನ್ನು ಸೊನ್ನೆ ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು ಉಳಿಸುವಾಗ ನಡೆಯುತ್ತದೆ: ಸಿಎಸ್‌ವಿಗೆ ಹೋಗುವುದು ಪರದೆಯ ಮೇಲೆ ಕಾಣುವ ರೂಪ. 16 ಅಂಕಿಗಳ ಬ್ಯಾಂಕ್ ಖಾತೆ ಸಂಖ್ಯೆ 1.23457E+15 ಎಂದು ಕಾಣುತ್ತಿದ್ದರೆ ಹಾಗೆಯೇ ಉಳಿಯುತ್ತದೆ, ಮತ್ತು ಮೊದಲ ಕೆಲವು ಅಂಕಿಗಳು ಒಂದೇ ಆಗಿರುವ ಎಷ್ಟೋ ಖಾತೆಗಳು ಈಗ ಅಕ್ಷರಶಃ ಒಂದೇ ಆಗುತ್ತವೆ. ಅದನ್ನು ನಂಬಿ ನಕಲು ಪತ್ತೆ ಮಾಡಿದರೆ ಪರಸ್ಪರ ಗುರುತೇ ಇಲ್ಲದ ಪೂರೈಕೆದಾರರು ಒಂದಾಗುತ್ತಾರೆ. ಸರಕುಗಳ ಕೋಡಿನಲ್ಲೂ ಇದೇ ಪಾಡು: 3E10 ಮತ್ತು 30E9 ಎಂಬ ಎರಡು ಬೇರೆ ಕೋಡುಗಳು ಎಕ್ಸೆಲ್‌ನ ಕಣ್ಣಿಗೆ ಒಂದೇ ಸಂಖ್ಯೆ, MAR-10 ಎಂಬುದು ದಿನಾಂಕ. ಮಾನವ ಜೀನ್‌ಗಳ ಹೆಸರುಗಳನ್ನು ನಿರ್ಧರಿಸುವ ಸಮಿತಿ 2020ರಲ್ಲಿ MARCH1 ಎಂಬ ಜೀನ್ ಹೆಸರನ್ನೇ MARCHF1 ಎಂದು ಬದಲಿಸಿದ್ದು ಇದೇ ಕಾಟದಿಂದ. ವಿಜ್ಞಾನಿಗಳೇ ಸೋತು ಹೆಸರು ಬದಲಿಸಿಕೊಂಡರು ಎಂದ ಮೇಲೆ ನಾವು ಕನಿಷ್ಠ ಕಡತವನ್ನು ಹಾಗೆ ತೆರೆಯದಿರುವುದು ಒಳ್ಳೆಯದು. ಎಕ್ಸೆಲ್ ಬಳಸಲೇಬೇಕಿದ್ದರೆ ಆಮದು ಮಾಡುವ ಸೌಲಭ್ಯದ ಮೂಲಕ, ಎಲ್ಲ ಕೋಡ್ ಕಾಲಂಗಳನ್ನೂ ‘ಪಠ್ಯ’ ಎಂದು ಗುರುತಿಸಿ ತನ್ನಿ.

ಪತ್ತೆ ಮಾಡುವುದು ಸುಲಭ. ಕಡತದ ಕೋಡ್ ಮತ್ತು ಖಾತೆ ಸಂಖ್ಯೆಯ ಕಾಲಂಗಳಲ್ಲಿ E+ ಎಂದು ಹುಡುಕಿ. ಉದ್ದನೆಯ ಸಂಖ್ಯೆಗಳಲ್ಲಿ ಅಸಹಜವಾಗಿ ಹೆಚ್ಚು ಪಾಲು ಸೊನ್ನೆಯಿಂದ ಕೊನೆಯಾಗುತ್ತಿದೆಯೇ ನೋಡಿ. ಒಂದೇ ಒಂದು ಸಿಕ್ಕರೂ ಕಡತವನ್ನು ತಿದ್ದಲು ಹೋಗದೆ ಮೂಲದಿಂದ ಮತ್ತೆ ತೆಗೆಯಿರಿ. ಕಳೆದುಹೋದ ಅಂಕಿಗಳು ಕಡತದಲ್ಲಿ ಎಲ್ಲೂ ಇಲ್ಲ.

## ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಇಲ್ಲಿಂದ ಮುಂದೆ ಹಳೆಯ ವ್ಯವಸ್ಥೆಯಲ್ಲೇ ಇದ್ದ ನಕಲುಗಳು. ಇವುಗಳಲ್ಲಿ ಮೊದಲ ಬಗೆ, ಎರಡು ಹೆಸರುಗಳು ಪರದೆಯ ಮೇಲೆ ಅಕ್ಷರಕ್ಕೆ ಅಕ್ಷರ ಒಂದೇ ಆಗಿ ಕಂಡರೂ ಹೋಲಿಕೆಯಲ್ಲಿ ‘ಬೇರೆ’ ಎಂದು ಬರುವುದು. ಅನುಮಾನ ಬಂದ ಜೋಡಿಯ ಬೈಟ್‌ಗಳನ್ನೇ ನೋಡಿ. ಮೈಎಸ್‌ಕ್ಯೂಎಲ್‌ನಲ್ಲಿ ಹೀಗೆ:

```sql
SELECT code, CHAR_LENGTH(name), HEX(name)
FROM source_customer
WHERE code IN ('00417', '02953');
```

ಉತ್ತರದಲ್ಲಿ C2A0 ಕಂಡರೆ ಅದು ಸಾಲು ಮುರಿಯದ ಖಾಲಿ ಜಾಗ, ಸಾಮಾನ್ಯವಾಗಿ ಜಾಲಪುಟದಿಂದ ನಕಲಿಸಿ ಅಂಟಿಸಿದ ಹೆಸರುಗಳಲ್ಲಿ ಬರುತ್ತದೆ. ಎಕ್ಸೆಲ್‌ನ TRIM ಇದನ್ನು ಮುಟ್ಟುವುದಿಲ್ಲ. E2808C ಕಂಡರೆ ಅದು ಅಗಲವೇ ಇಲ್ಲದ, ಒತ್ತಕ್ಷರವಾಗದಂತೆ ತಡೆಯುವ ಅಕ್ಷರ. ಕನ್ನಡದಲ್ಲಿ ಹೆಸರುಗಳನ್ನು ಇಟ್ಟಿರುವ ದತ್ತಾಂಶದಲ್ಲಿ ಇದು ಬೇಕಾದಷ್ಟು ಸಿಗುತ್ತದೆ: ‘ಸಾಫ್ಟ್‌ವೇರ್’ ಎಂದು ಒಬ್ಬರು, ‘ಸಾಫ್ಟ್ವೇರ್’ ಎಂದು ಇನ್ನೊಬ್ಬರು ಟೈಪ್ ಮಾಡಿರುತ್ತಾರೆ.

ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ U+0CCA ಎಂಬ ಒಂದೇ ಸಂಕೇತವಾಗಿಯೂ ಬರೆಯಬಹುದು, U+0CC6 ಮತ್ತು U+0CC2 ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಕೊ’. ಇವೆರಡನ್ನೂ ಒಂದೇ ರೂಪಕ್ಕೆ ತರುವ ಪ್ರಮಾಣೀಕರಣ ಯುನಿಕೋಡ್‌ನಲ್ಲೇ ಇದೆ. ಅದನ್ನು ಬಳಸಿ ಹೋಲಿಕೆಗಾಗಿಯೇ ಒಂದು ಪ್ರತ್ಯೇಕ ಕೀಲಿಯನ್ನು ತಯಾರಿಸಬೇಕು.

```python
import re, unicodedata

def match_key(s):
    s = unicodedata.normalize("NFKC", s or "").casefold()
    s = re.sub(r"[\u200b-\u200d\ufeff]", "", s)
    s = s.replace("×", "x")
    s = re.sub(r"[.,/&()'\-]", " ", s)
    return " ".join(s.split())
```

ಇದರಲ್ಲಿ ವಿರಾಮ ಚಿಹ್ನೆಗಳನ್ನು ಒಂದೊಂದಾಗಿ ಬರೆದಿರುವುದಕ್ಕೆ ಕಾರಣವಿದೆ. ಅಷ್ಟೆಲ್ಲ ಯಾಕೆ, `\W` ಎಂದು ಹಾಕಿ ಅಕ್ಷರವಲ್ಲದ ಎಲ್ಲವನ್ನೂ ತೆಗೆದರಾಯಿತು ಎಂದು ಅನ್ನಿಸುವುದು ಸಹಜ. ಆದರೆ ಪೈಥಾನ್‌ನ re ಗ್ರಂಥಾಲಯದ ಲೆಕ್ಕದಲ್ಲಿ ಕನ್ನಡದ ಸ್ವರಚಿಹ್ನೆಗಳು ಅಕ್ಷರಗಳಲ್ಲ. ಅವೂ ಅಳಿಸಿಹೋಗುತ್ತವೆ. ‘ಕಿರಣ’ ಮತ್ತು ‘ಕರುಣ’ ಎರಡೂ ‘ಕರಣ’ ಆಗುತ್ತವೆ, ಇಬ್ಬರು ಗ್ರಾಹಕರು ಒಬ್ಬರಾಗುತ್ತಾರೆ. ಇಂಗ್ಲಿಷ್ ಹೆಸರುಗಳ ಮೇಲೆ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಾಣಿಸುವುದಿಲ್ಲ.

ಈ ಕೀಲಿ ಹೋಲಿಕೆಗೆ ಮಾತ್ರ. ಇದನ್ನೇ ಗ್ರಾಹಕನ ಹೆಸರಾಗಿ ಹೊಸ ವ್ಯವಸ್ಥೆಯಲ್ಲಿ ಉಳಿಸಬೇಡಿ. ಆ ಅದೃಶ್ಯ ಅಕ್ಷರವನ್ನು ತೆಗೆದರೆ ಬಿಲ್ಲಿನ ಮೇಲೆ ಹೆಸರು ಅಸಹ್ಯವಾಗಿ ಅಚ್ಚಾಗುತ್ತದೆ; ಅಳತೆಗಳಲ್ಲಿ mm² ಎಂಬುದು mm2 ಆಗುತ್ತದೆ. ಮೂಲ ಹೆಸರು ಒಂದು ಕಾಲಂನಲ್ಲಿ, ಕೀಲಿ ಇನ್ನೊಂದರಲ್ಲಿ ಇರಲಿ.

## ನಿಜವಾದ ನಕಲು ಯಾಕೆ ತಪ್ಪಿಸಿಕೊಂಡಿತು?

ಕೀಲಿ ಸರಿಯಾದ ಮೇಲೂ ಉಳಿಯುವ ನಕಲುಗಳೇ ಹೋಲಿಕೆಯ ಸಾಧನದ ನಿಜವಾದ ಕೆಲಸ: ಕಾಗುಣಿತ ಬೇರೆಯಾದವು, ‘ಅಂಡ್ ಸನ್ಸ್’ ಸೇರಿದವು, ವಿಳಾಸ ಬದಲಾದವು. ಸಾಧನ ಇವನ್ನು ಬಿಟ್ಟಾಗ ಕಾರಣ ಹುಡುಕುವ ಅತ್ಯುತ್ತಮ ದಾರಿ, ಮಾರಾಟ ಮತ್ತು ಲೆಕ್ಕಪತ್ರದವರಿಂದ ಅವರಿಗೆ ಖಚಿತವಾಗಿ ಗೊತ್ತಿರುವ ಐವತ್ತು ನಕಲು ಜೋಡಿಗಳ ಪಟ್ಟಿ ಕೇಳುವುದು. ಅವರು ಸಂತೋಷದಿಂದಲೇ ಕೊಡುತ್ತಾರೆ. ವರ್ಷಗಟ್ಟಲೆ ಅದರ ಬಗ್ಗೆ ಗೊಣಗಿರುತ್ತಾರೆ. ನಂತರ ಪ್ರತಿಯೊಂದು ಜೋಡಿಯೂ ಯಾವ ಹಂತದಲ್ಲಿ ಕಳಚಿಕೊಂಡಿತು ಎಂದು ನೋಡಬೇಕು. ಸಾಧ್ಯತೆಗಳು ಮೂರೇ: ಎರಡು ದಾಖಲೆಗಳನ್ನು ಸಾಧನ ಹೋಲಿಸಲೇ ಇಲ್ಲ, ಹೋಲಿಸಿತು ಆದರೆ ಅಂಕ ಮಿತಿಗಿಂತ ಕಡಿಮೆ ಬಂತು, ಅಥವಾ ಅಂಕ ಬಂದರೂ ಬೇರೊಂದು ನಿಯಮ ತಳ್ಳಿಹಾಕಿತು.

ಹೋಲಿಸಲೇ ಇಲ್ಲ ಎಂಬುದು ನಾನು ಹೆಚ್ಚಾಗಿ ಕಂಡಿರುವ ಕಾರಣ, ಮತ್ತು ಮಿತಿ ಇಳಿಸುವುದರಿಂದ ಎಳ್ಳಷ್ಟೂ ಬಗೆಹರಿಯದ ಕಾರಣ. 6,240 ದಾಖಲೆಗಳನ್ನು ಒಂದಕ್ಕೊಂದು ಹೋಲಿಸಿದರೆ ಸುಮಾರು 1.95 ಕೋಟಿ ಜೋಡಿಗಳಾಗುತ್ತವೆ. ಅಷ್ಟನ್ನೂ ಹೋಲಿಸದೆ ಸಾಧನಗಳು ಮೊದಲು ದಾಖಲೆಗಳನ್ನು ಗುಂಪು ಮಾಡುತ್ತವೆ, ಉದಾಹರಣೆಗೆ ಒಂದೇ ಅಂಚೆ ಸಂಕೇತ ಇರುವವು ಒಂದು ಗುಂಪು. ಹೋಲಿಕೆ ಗುಂಪಿನೊಳಗೆ ಮಾತ್ರ. ಗ್ರಾಹಕ ಕಚೇರಿ ಬದಲಿಸಿದ್ದರೆ ಹಳೆಯ ದಾಖಲೆ ಒಂದು ಗುಂಪಿಗೆ, ಹೊಸದು ಇನ್ನೊಂದಕ್ಕೆ ಹೋಗಿರುತ್ತದೆ. ಅಂಚೆ ಸಂಕೇತವೇ ಖಾಲಿಯಿದ್ದರೆ ಕೆಲವು ಸಾಧನಗಳು ಆ ದಾಖಲೆಯನ್ನು ಯಾವ ಗುಂಪಿಗೂ ಸೇರಿಸುವುದಿಲ್ಲ. ಹಾಗಾಗಿ ಗುಂಪು ಮಾಡುವುದನ್ನು ಒಂದಕ್ಕಿಂತ ಹೆಚ್ಚು ಬಾರಿ, ಬೇರೆ ಬೇರೆ ಆಧಾರದ ಮೇಲೆ ಮಾಡಬೇಕು: ಒಮ್ಮೆ ಅಂಚೆ ಸಂಕೇತ, ಒಮ್ಮೆ ಫೋನಿನ ಕೊನೆಯ ಅಂಕಿಗಳು, ಒಮ್ಮೆ ತೆರಿಗೆ ನೋಂದಣಿ ಸಂಖ್ಯೆ, ಒಮ್ಮೆ ಹೆಸರಿನ ಅತಿ ವಿರಳ ಪದ. ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗುತ್ತದೆ.

ತದ್ವಿರುದ್ಧ ದೋಷವೂ ಇದೆ: ಬೇರೆ ಬೇರೆ ಗ್ರಾಹಕರು ಒಂದೇ ಎಂದು ಸೇರಿಹೋಗುವುದು. ಇದನ್ನು ಕಂಡರೆ ಮೊದಲು ಫೋನ್, ಇಮೇಲ್, ನೋಂದಣಿ ಸಂಖ್ಯೆಗಳಲ್ಲಿ ಅತಿ ಹೆಚ್ಚು ಬಾರಿ ಬರುವ ಮೌಲ್ಯಗಳನ್ನು ಎಣಿಸಿ ನೋಡಿ. ಕಡ್ಡಾಯ ಕಾಲಂ ದಾಟಲು ಯಾರೋ ತುಂಬಿದ 9999999999 ಅಥವಾ ತಮ್ಮದೇ ಕಚೇರಿಯ ಇಮೇಲ್ ಪಟ್ಟಿಯ ತುದಿಯಲ್ಲಿ ಕಾಣುತ್ತದೆ. ಅಂಥವನ್ನು ಹೋಲಿಕೆಯ ಮೊದಲೇ ಖಾಲಿ ಎಂದು ಪರಿಗಣಿಸಬೇಕು.

ಎರಡನೆಯದು ಸರಪಳಿ. ‘ಅ’ ಎಂಬ ದಾಖಲೆ ‘ಆ’ಗೆ ಹೋಲುತ್ತದೆ, ‘ಆ’ ಎಂಬುದು ‘ಇ’ಗೆ ಹೋಲುತ್ತದೆ, ಸಾಧನ ಮೂರನ್ನೂ ಒಂದೇ ಗುಂಪು ಮಾಡುತ್ತದೆ, ‘ಅ’ ಮತ್ತು ‘ಇ’ ನಡುವೆ ಏನೂ ಸಾಮ್ಯವಿಲ್ಲದಿರಬಹುದು. ಆದ್ದರಿಂದ ಪರಿಶೀಲನೆಯನ್ನು ಯಾವಾಗಲೂ ಅತಿ ದೊಡ್ಡ ಗುಂಪಿನಿಂದ ಶುರು ಮಾಡಿ. ಒಬ್ಬ ಗ್ರಾಹಕನಿಗೆ ಹನ್ನೆರಡು ನಕಲುಗಳಿವೆ ಎಂದು ಸಾಧನ ಹೇಳಿದರೆ, ಒಂದೋ ಅದು ಸರಪಳಿ, ಇಲ್ಲವೇ ಅದು ಹನ್ನೆರಡು ಶಾಖೆಗಳಿರುವ ಗ್ರಾಹಕ. ಹಳೆಯ ವ್ಯವಸ್ಥೆಗಳಲ್ಲಿ ಒಬ್ಬ ಗ್ರಾಹಕನಿಗೆ ಒಂದೇ ವಿಳಾಸ ಇಡಲು ಸಾಧ್ಯವಿದ್ದಾಗ ಪ್ರತಿ ಶಾಖೆಗೂ ಹೊಸ ಗ್ರಾಹಕನನ್ನು ಸೃಷ್ಟಿಸುತ್ತಿದ್ದರು. ಹೊಸದರಲ್ಲಿ ಅವು ಒಂದು ಗ್ರಾಹಕ ಮತ್ತು ಹನ್ನೆರಡು ವಿತರಣಾ ವಿಳಾಸಗಳಾಗಬೇಕು. ಹನ್ನೊಂದನ್ನು ಅಳಿಸಿದರೆ ಸರಕು ಎಲ್ಲಿಗೆ ಹೋಗಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಅನುಮಾನವಿದ್ದರೆ ಸೇರಿಸಬೇಡಿ. ಉಳಿದುಹೋದ ನಕಲನ್ನು ಆಮೇಲೂ ವಿಲೀನ ಮಾಡಬಹುದು. ತಪ್ಪಾಗಿ ಸೇರಿಸಿದ ಇಬ್ಬರನ್ನು, ಅವರ ಮೇಲೆ ಹೊಸ ಬಿಲ್ಲುಗಳು ಬಿದ್ದ ನಂತರ ಬೇರ್ಪಡಿಸುವುದೆಂದರೆ ಒಂದೊಂದು ಬಿಲ್ಲನ್ನೂ ಕೂತು ವಿಂಗಡಿಸುವುದು.

## ಪೂರೈಕೆದಾರರಲ್ಲಿ ಹೆಚ್ಚು ಎಚ್ಚರ

ವಿಧಾನ ಗ್ರಾಹಕರದ್ದೇ, ಆದರೆ ಪರಿಣಾಮ ಬೇರೆ. ಒಂದೇ ಬಿಲ್ಲಿಗೆ ಎರಡು ಬಾರಿ ಹಣ ಪಾವತಿಯಾಗದಂತೆ ಇಆರ್‌ಪಿ ತಡೆಯುವುದು ಪೂರೈಕೆದಾರನ ಕೋಡ್ ಮತ್ತು ಬಿಲ್ಲಿನ ಸಂಖ್ಯೆ ಎರಡನ್ನೂ ಸೇರಿಸಿ ನೋಡಿ. ಪೂರೈಕೆದಾರ ಎರಡು ಕೋಡುಗಳಲ್ಲಿದ್ದರೆ ಆ ತಡೆ ಕೆಲಸ ಮಾಡುವುದಿಲ್ಲ. ಸಮಯ ಕಡಿಮೆಯಿದ್ದರೆ ಗ್ರಾಹಕರಿಗಿಂತ ಮೊದಲು ಪೂರೈಕೆದಾರರ ಪಟ್ಟಿಯನ್ನು ಮುಗಿಸಿ.

ವಿಲೀನ ಮಾಡುವಾಗ ಯಾವ ಮೌಲ್ಯ ಉಳಿಯಬೇಕು ಎಂಬುದಕ್ಕೆ ‘ಇತ್ತೀಚಿನದು ಉಳಿಯಲಿ’ ಎಂಬ ನಿಯಮ ಫೋನ್ ಸಂಖ್ಯೆಗೆ ಸರಿ. ಬ್ಯಾಂಕ್ ಖಾತೆಗೆ ಖಂಡಿತ ಬೇಡ. ಎರಡು ದಾಖಲೆಗಳಲ್ಲಿ ಖಾತೆ ಸಂಖ್ಯೆ ಬೇರೆಯಿದ್ದರೆ ಅದು ಯಂತ್ರ ತೀರ್ಮಾನಿಸುವ ವಿಷಯವಲ್ಲ. ಕೊನೆಯ ಯಶಸ್ವಿ ಪಾವತಿ ಯಾವ ಖಾತೆಗೆ ಹೋಗಿದೆ ಎಂದು ನೋಡಿ, ಪೂರೈಕೆದಾರರಿಂದ ಖಚಿತಪಡಿಸಿಕೊಳ್ಳುವವರೆಗೆ ಪಾವತಿಯನ್ನು ತಡೆಹಿಡಿದು ಲೋಡ್ ಮಾಡಿ. ಇನ್ನು, ಒಂದೇ ಸಂಸ್ಥೆ ಗ್ರಾಹಕರ ಪಟ್ಟಿಯಲ್ಲೂ ಪೂರೈಕೆದಾರರ ಪಟ್ಟಿಯಲ್ಲೂ ಇದ್ದರೆ ಅದು ನಕಲಲ್ಲ.

## ಸರಕುಗಳಲ್ಲಿ ಹೋಲಿಕೆ ಮೋಸ ಮಾಡುತ್ತದೆ

ಗ್ರಾಹಕರ ಹೆಸರಿಗೆ ಚೆನ್ನಾಗಿ ಕೆಲಸ ಮಾಡಿದ ಸಾಧನವನ್ನೇ ಸರಕುಗಳ ಮೇಲೆ ಓಡಿಸಿದರೆ ಫಲಿತಾಂಶ ತಲೆಕೆಳಗಾಗುತ್ತದೆ. `HEX BOLT M8X25 SS304` ಮತ್ತು `HEX BOLT M8X20 SS304` ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಸಾಧನ ಅವನ್ನು ನಕಲು ಎನ್ನುತ್ತದೆ, ಅವು ಉದ್ದ ಬೇರೆಯಾದ ಎರಡು ಬೋಲ್ಟ್‌ಗಳು. `SS 304 BOLT HEX M8 X 25` ಎಂಬುದು ಮೊದಲನೆಯದರ ನಿಜವಾದ ನಕಲು. ಅಕ್ಷರಗಳ ಕ್ರಮ ಬೇರೆಯಾದ್ದರಿಂದ ಅದಕ್ಕೆ ಅಂಕ ಕಡಿಮೆ ಬರುತ್ತದೆ. ಮಿತಿಯನ್ನು ಏರಿಸಿದರೂ ಇಳಿಸಿದರೂ ಇದು ಸರಿಹೋಗುವುದಿಲ್ಲ.

ವಿವರಣೆಯಿಂದ ಸಂಖ್ಯೆಗಳನ್ನು ಮೊದಲು ಬೇರ್ಪಡಿಸಿ. ಮೊದಲನೆಯ ಮತ್ತು ಮೂರನೆಯ ವಿವರಣೆಗಳಲ್ಲಿ 8, 25, 304. ಎರಡನೆಯದರಲ್ಲಿ 8, 20, 304. ಸಂಖ್ಯೆಗಳು ಪೂರ್ತಿ ಒಂದೇ ಆಗಿದ್ದರೆ ಮಾತ್ರ ಮುಂದಿನ ಹೋಲಿಕೆ ನಡೆಯಲಿ, ಅದೂ ಪದಗಳನ್ನು ಅಕಾರಾದಿಯಾಗಿ ಜೋಡಿಸಿಕೊಂಡ ಮೇಲೆ. ಅಳತೆಯ ಘಟಕ ಬೇರೆಯಾಗಿ ಬರೆದಿದ್ದರೆ, ಉದಾಹರಣೆಗೆ ಒಂದರಲ್ಲಿ 25 ಮಿಲಿಮೀಟರ್ ಇನ್ನೊಂದರಲ್ಲಿ 2.5 ಸೆಂಟಿಮೀಟರ್, ಈ ನಿಯಮ ನಿಜವಾದ ನಕಲನ್ನು ಬಿಡುತ್ತದೆ. ಅದನ್ನು ಒಪ್ಪಿಕೊಳ್ಳಬಹುದು, ತಪ್ಪು ಬೋಲ್ಟ್ ರವಾನೆಯಾಗುವುದಕ್ಕಿಂತ ಅದು ವಾಸಿ.

ಸರಕುಗಳನ್ನು ಸೇರಿಸಿದ ಮೇಲೆ ದಾಸ್ತಾನಿನ ಮೌಲ್ಯ ತಾಳೆಯಾಗಿ, ಒಂದು ಘಟಕದ ದರ ಮಾತ್ರ ವಿಚಿತ್ರವಾಗಿ ಬಂದರೆ ದೋಷ ಅಳತೆಯ ಘಟಕದ್ದು. ಹಳೆಯ ವ್ಯವಸ್ಥೆಯಲ್ಲಿ ಒಂದು ಕೋಡಿನಲ್ಲಿ 40 ಪೆಟ್ಟಿಗೆಗಳಿವೆ, ಪೆಟ್ಟಿಗೆಗೆ 100 ಬಿಡಿಗಳು, ಪೆಟ್ಟಿಗೆಯ ದರ 250. ಇನ್ನೊಂದು ಕೋಡಿನಲ್ಲಿ 1,300 ಬಿಡಿಗಳಿವೆ, ದರ 2.50. ಒಟ್ಟು ಮೌಲ್ಯ 13,250. ಘಟಕ ಬದಲಿಸದೆ ಪ್ರಮಾಣಗಳನ್ನು ಕೂಡಿದರೆ 1,340 ಬಿಡಿಗಳಾಗುತ್ತವೆ, ದರ ಸುಮಾರು 9.89ಕ್ಕೆ ಏರುತ್ತದೆ. ಸರಿಯಾದ ಪ್ರಮಾಣ 5,300, ದರ 2.50. ಎರಡೂ ಸಂದರ್ಭದಲ್ಲಿ ಮೌಲ್ಯ ಅದೇ 13,250 ಆದ್ದರಿಂದ ಲೆಕ್ಕಪತ್ರದ ತಾಳೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ವಿಲೀನವಾದ ಪ್ರತಿ ಸರಕಿನ ಹೊಸ ದರವನ್ನು ಹಳೆಯ ಎರಡು ದರಗಳ ಪಕ್ಕದಲ್ಲಿ ಇಟ್ಟು ನೋಡಿ. ಹೊಸ ದರ ಆ ಎರಡರ ನಡುವೆ ಬಿದ್ದು ಎರಡಕ್ಕೂ ಹತ್ತಿರವಿಲ್ಲದಿದ್ದರೆ ಘಟಕವನ್ನು ಪರಿಶೀಲಿಸಿ.

## ತಿದ್ದುವುದು ಎಲ್ಲಿ

ಪ್ರಾಯೋಗಿಕ ಹಂತದಲ್ಲಿ ಹೊಸ ಇಆರ್‌ಪಿಯೊಳಗೆ ಕೈಯಿಂದ ಏನನ್ನೂ ತಿದ್ದಬೇಡಿ. ಅಲ್ಲಿ ಅಳಿಸಿದ ನಕಲು ಮುಂದಿನ ಲೋಡ್‌ನಲ್ಲಿ ತಪ್ಪದೆ ಮರಳಿ ಬರುತ್ತದೆ. ದಾರಿಯಲ್ಲಿ ಹುಟ್ಟಿದ್ದನ್ನು ದತ್ತಾಂಶ ತೆಗೆಯುವ ಪ್ರಶ್ನೆಯಲ್ಲಿ, ಲೋಡ್‌ನಲ್ಲಿ ಹುಟ್ಟಿದ್ದನ್ನು ಲೋಡ್ ಸಾಧನದ ಸಂಯೋಜನೆಯಲ್ಲಿ ಸರಿಪಡಿಸಿ, ಇಆರ್‌ಪಿಯಲ್ಲಿ ಪರೀಕ್ಷೆಗೆಂದು ತೆರೆದ ಪ್ರಾಯೋಗಿಕ ಕಂಪನಿಯ ದತ್ತಾಂಶವನ್ನು ಖಾಲಿ ಮಾಡಿ, ಮೊದಲಿನಿಂದ ಓಡಿಸಿ.

ಮೂಲದಲ್ಲೇ ಇದ್ದ ನಕಲುಗಳ ತೀರ್ಮಾನಗಳಿಗೆ ಒಂದು ಜೋಡಣಾ ಕೋಷ್ಟಕ ಬೇಕು: ಹಳೆಯ ಕೋಡ್, ಹೊಸ ಕೋಡ್, ತೀರ್ಮಾನಿಸಿದವರು, ಕಾರಣ. 00417 ಮತ್ತು 02953 ಎರಡೂ ಒಂದೇ ಹೊಸ ಕೋಡಿಗೆ ಸೇರುತ್ತವೆ ಎಂದು ಅದರಲ್ಲಿ ಎರಡು ಸಾಲುಗಳಿರುತ್ತವೆ. ಬಾಕಿ ಬಿಲ್ಲುಗಳು, ಮುಂಗಡಗಳು, ತೆರೆದ ಆರ್ಡರ್‌ಗಳು ಎಲ್ಲವೂ ಈ ಕೋಷ್ಟಕದ ಮೂಲಕವೇ ಹಾದುಹೋಗಬೇಕು. ಬಿಲ್ಲುಗಳ ಲೋಡ್‌ನಲ್ಲಿ ‘ಗ್ರಾಹಕ ಸಿಗಲಿಲ್ಲ’ ಎಂಬ ದೋಷ ಬಂದರೆ, ಬಿಲ್ಲುಗಳ ಕಡತ ಈ ಕೋಷ್ಟಕವನ್ನು ಬಳಸದೆ ವಿಲೀನವಾದ ಹಳೆಯ ಕೋಡನ್ನೇ ನೇರವಾಗಿ ಹುಡುಕುತ್ತಿದೆ ಎಂದರ್ಥ. ತಾಳೆಯನ್ನೂ ಇದೇ ಕೋಷ್ಟಕದಿಂದ ಮಾಡಿ: ಪ್ರತಿ ಹೊಸ ಕೋಡಿನ ಬಾಕಿ, ಅದಕ್ಕೆ ಸೇರಿದ ಹಳೆಯ ಕೋಡುಗಳ ಬಾಕಿಗಳ ಮೊತ್ತಕ್ಕೆ ಸಮವಾಗಿರಬೇಕು. ಆರಂಭದಲ್ಲಿ ನೋಡಿದ ಖಾಲಿ ಖಾತೆ ಈ ತಾಳೆಯಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ.

‘ನಕಲಲ್ಲ’ ಎಂಬ ತೀರ್ಮಾನಗಳನ್ನೂ ಬರೆದಿಡಿ. ಅದನ್ನು ಯಾರೂ ಬರೆದಿಡುವುದಿಲ್ಲ, ಹಾಗಾಗಿ ಪ್ರತಿ ಪ್ರಾಯೋಗಿಕ ಲೋಡ್‌ನ ನಂತರವೂ ಅದೇ ಜೋಡಿಗಳು ಪರಿಶೀಲಕರ ಮುಂದೆ ಬರುತ್ತವೆ, ಮತ್ತು ಮೂರನೆಯ ಬಾರಿ ಬೇಸತ್ತವರು ನೋಡದೆಯೇ ‘ಸೇರಿಸು’ ಎಂದು ಒತ್ತುತ್ತಾರೆ.